ಪರಭಾರೆಯ ಹೊರತು

ನನ್ನ ಬಲಗೈಯ ಕೊನೆಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಕೇಳಿದವರಿಗೆಲ್ಲ ಕಾರಿನ ಬಾಗಿಲಿಗೆ ಸಿಕ್ಕಿತು ಎಂದು ಹೇಳಿ ಹೇಳಿ ಸಾಕಾಗಿದೆ. ಕಾರೂ ಇಲ್ಲ, ಬಾಗಿಲೂ ಇಲ್ಲ. ಅವು ಮುರಿದದ್ದು ಒಂದು ಪದಕ್ಕೆ, ಮತ್ತು ಆ ಪದವನ್ನು ತಪ್ಪಾಗಿ ಇಂಗ್ಲಿಷಿಗೆ ಇಳಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ನನ್ನನ್ನು ದೊಡ್ಡ ಧೈರ್ಯವಂತೆ ಅಂದುಕೊಂಡೀರಿ.

ಆಗ ತೊಂಬತ್ತೈದನೇ ಇಸವಿ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಟಿ.ವಿ. ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಅಬೂಬಕ್ಕರ್ ಕಾಕನ ಟೈಪಿಂಗ್ ಸೆಂಟರ್. ಕಾಕ ಅರಬ್ಬಿ ಫಾರ್ಮುಗಳನ್ನು ಟೈಪು ಮಾಡುತ್ತಿದ್ದರು, ನಾನು ಇಂಗ್ಲಿಷಿನವನ್ನು. ಊರಿಂದ ಕನ್ನಡದ ಕಾಗದಪತ್ರ ಬಂದರೆ ಅದೂ ನನ್ನ ಮೇಜಿಗೇ. ಮದುವೆಗೆ ಮೊದಲು ಪುತ್ತೂರಿನ ವಕೀಲರೊಬ್ಬರ ಆಫೀಸಿನಲ್ಲಿ ಆರು ವರ್ಷ ಪತ್ರ ಟೈಪು ಮಾಡಿದವಳು ನಾನು. ಸದರಿ, ಷೆಡ್ಯೂಲು, ಚಕ್ಕುಬಂದಿ ಎಲ್ಲ ನನಗೆ ಬಾಯಿಪಾಠ. ಆ ಜಂಬವೇ ನನ್ನನ್ನು ಹಾಳುಮಾಡಿದ್ದು.

ಸೋಮವಾರ ಬೆಳಿಗ್ಗೆ ಮುನಿಸ್ವಾಮಿ ಎಂಬುವನು ಬಂದ. ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್, ಊರು ನಂಜನಗೂಡು. ಕೆಲಸ ಖಲಾಸ್ ಮಾಡಿ ಬುಧವಾರ ಊರಿಗೆ ಹೊರಟಿದ್ದ. ಕೈಯಲ್ಲಿ ಮೂರು ಹಾಳೆಯ ಕನ್ನಡ ಅಧಿಕಾರ ಪತ್ರದ ಕರಡು. ಬರೆಸಿಕೊಡುವವಳು ಅವನ ಸತ್ತ ಅಣ್ಣನ ಹೆಂಡತಿ ಚಾಮುಂಡೇಶ್ವರಿ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸುವ ಕೆಲಸ. ಅಧಿಕಾರ ಪಡೆಯುವವನು ಅವನೇ. ನಂಜನಗೂಡಿನಲ್ಲಿ ಅವಳು ಕಟ್ಟಿಸಿದ ಮನೆಯ ಕಂದಾಯ, ಖಾತೆ, ಮುಂದಿನ ಅಂಗಡಿಯ ಬಾಡಿಗೆ, ಪಕ್ಕದವನ ಜೊತೆ ಗೋಡೆಯ ವ್ಯಾಜ್ಯ, ಇವನ್ನೆಲ್ಲ ನೋಡಿಕೊಳ್ಳುವುದಕ್ಕೆ. ಸಹಿ ಹಾಕುವವಳು ಇಲ್ಲಿರುವುದರಿಂದ ಅದು ಭಾರತದ ರಾಯಭಾರ ಕಚೇರಿಯ ಅಧಿಕಾರಿಯ ಎದುರಿಗೇ ಆಗಬೇಕು. ಕೌಂಟರಿನಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ, ಇಂಗ್ಲಿಷಿನಲ್ಲಿ ತನ್ನಿ ಎಂದಿದ್ದರು.

"ಮಧ್ಯಾಹ್ನಕ್ಕೆ ಆಗ್ಬೇಕು ಮೇಡಮ್," ಅಂದ. ಆಗುತ್ತದೆ ಅಂದೆ.

ಕರಡು ಬರೆದ ನಂಜನಗೂಡಿನ ವಕೀಲ ಬುದ್ಧಿವಂತ. ಆರು ಕಲಮುಗಳಲ್ಲಿ ಏನೇನು ಮಾಡಬಹುದು ಎಂದು ಒಂದೊಂದಾಗಿ ಬರೆದು, ಏಳನೆಯದರಲ್ಲಿ ಗಂಟು ಹಾಕಿದ್ದ: ಸದರಿ ಷೆಡ್ಯೂಲು ಸ್ವತ್ತನ್ನು ಪರಭಾರೆ ಮಾಡುವುದರ ಹೊರತು, ಅದಕ್ಕೆ ಸಂಬಂಧಿಸಿದ ಉಳಿದೆಲ್ಲ ಕಾರ್ಯಗಳನ್ನು ನನ್ನ ಪರವಾಗಿ ನಡೆಸತಕ್ಕದ್ದು. ಪರಭಾರೆ ಎಂದರೆ ಆಸ್ತಿ ಇನ್ನೊಬ್ಬರ ಕೈಗೆ ದಾಟುವುದು. ಮಾರಿದರೂ ಅದೇ, ದಾನ ಕೊಟ್ಟರೂ ಅದೇ, ಅಡವಿಟ್ಟರೂ ಅದೇ. ಕೆಲವರು ಇದನ್ನು ಪ್ರಭಾರ ಎಂದು ಓದಿ 'ಚಾರ್ಜ್' ಎಂದು ಇಂಗ್ಲಿಷ್ ಮಾಡುತ್ತಾರೆ. ನಾನು ಅಂಥ ಪೆದ್ದಿಯಲ್ಲ. ಅದನ್ನು ಸರಿಯಾಗಿಯೇ 'ಏಲಿಯನೇಟ್' ಮಾಡಿದೆ. ಕಷ್ಟದ ಪದ ದಾಟಿದೆನೆಂದು ಬೀಗಿ, ಅದರ ಪಕ್ಕದಲ್ಲಿದ್ದ ಪಾಪದ 'ಹೊರತು' ಎಂಬುದಕ್ಕೆ ಕೈಗೆ ಬಂದದ್ದನ್ನು ಕುಟ್ಟಿದೆ. 'ಅಪಾರ್ಟ್ ಫ್ರಮ್'.

ಓದಿ ಹೇಳುವುದು ನನ್ನ ಪದ್ಧತಿ. ಟೈಪಾದ ಇಂಗ್ಲಿಷನ್ನು, ಮೂಲವನ್ನು ನೋಡದೆ, ಸಹಿ ಹಾಕುವವರಿಗೆ ತಿರುಗಿ ಕನ್ನಡದಲ್ಲಿ ಹೇಳಬೇಕು. ಪುತ್ತೂರಿನ ವಕೀಲರು ಕಲಿಸಿದ್ದು. ಆದರೆ ಮುನಿಸ್ವಾಮಿ ಗಡಿಬಿಡಿಯಲ್ಲಿದ್ದ, ನನಗೂ ಹಸಿವಾಗಿತ್ತು. "ಅವರನ್ನು ಕರ್ಕೊಂಡು ಬನ್ನಿ, ಓದಿ ಹೇಳ್ತೇನೆ, ಆಮೇಲೆ ಸಹಿ," ಅಂದೆ. "ಅತ್ತಿಗೇನೂ ಅದನ್ನೇ ಅಂತಾವ್ಳೆ, ಓದಿ ಹೇಳೋಗಂಟ ಸೈನ್ ಹಾಕಲ್ವಂತೆ," ಎಂದು ಗೊಣಗಿ ಹಾಳೆಗಳನ್ನು ಮಡಚಿ ತೆಗೆದುಕೊಂಡು ಹೋದ.

ಮಧ್ಯಾಹ್ನ ಮುಚ್ಚಿದ್ದ ಅಂಗಡಿಯನ್ನು ಸಂಜೆ ನಾಲ್ಕಕ್ಕೆ ಮತ್ತೆ ತೆರೆದಾಗ ಇಬ್ಬರೂ ಬಂದರು. ಬಂದರು ಅನ್ನುವುದು ತಪ್ಪು. ಅವನು ಅವಳ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ ತಂದ, ಕುರ್ಚಿಗೆ ನೂಕಿದ. ನಲವತ್ತೈದರ ಹೆಂಗಸು, ನೀಲಿ ಯೂನಿಫಾರ್ಮು, ಕೈಬೆರಳುಗಳೆಲ್ಲ ಫಿನಾಯಿಲಿಗೆ ಸುಲಿದು ಬೆಳ್ಳಗಾಗಿದ್ದವು. ಅವಳ ತೋಳಿನಲ್ಲಿ ಅವನ ಬೆರಳಿನ ಗುರುತು ಎದ್ದಿತ್ತು. ನೋಡಿಯೇ ನನಗೆ ಮೈ ಉರಿಯಿತು. ಅಬೂಬಕ್ಕರ್ ಕಾಕ ಅಸರ್ ನಮಾಜಿಗೆ ಹೋಗಿದ್ದರು, ಅಂಗಡಿಯಲ್ಲಿ ನಾನೊಬ್ಬಳೇ.

"ಕೈ ಬಿಡಿ ಮಾರಾಯ್ರೆ, ಅವರೇನು ಓಡಿಹೋಗ್ತಾರಾ?" ಅಂದೆ.

"ನಮ್ಮ ಮನೆ ವಿಷ್ಯ. ನೀವು ಓದಿ ಮೇಡಮ್."

ಅವಳು ಬ್ಯಾಗಿನಿಂದ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟಳು. ಕಂಪನಿಯವರು ಒಂದು ದಿನದ ಮಟ್ಟಿಗೆ ಕೊಟ್ಟದ್ದಂತೆ, ನಾಳೆ ಸಂಜೆಯೊಳಗೆ ವಾಪಸು ಕೊಡದಿದ್ದರೆ ಕೆಲಸ ಹೋಯಿತು. "ನನ್ ಮಗಳು ಹಿತಾ ಆ ಮನೇಲವ್ಳೆ ಕಣಮ್ಮ," ಅಂದಳು. "ನರ್ಸಿಂಗ್ ಓದ್ತಾವ್ಳೆ. ಮಾರೋ ಅಧಿಕಾರ ಮಾತ್ರ ಕೊಡಬ್ಯಾಡ ಅಮ್ಮ, ಅಂತ ಫೋನಲ್ಲಿ ಅತ್ಲು. ವಕೀಲರತ್ರ ಅವಳೇ ನಿಂತ್ಕೊಂಡು ಬರ್ಸವ್ಳೆ. ನಂಗೆ ಕನ್ನಡ ಓದಕ್ಕೆ ಬತ್ತದೆ, ಇಂಗ್ಲೀಸ್ ಬರಲ್ಲ. ನೀವು ಏನಂತೀರೋ ಅದೇ."

ಓದತೊಡಗಿದೆ. ಒಂದರಿಂದ ಆರರವರೆಗೆ ಅವಳು ತಲೆಯಾಡಿಸಿದಳು. ಏಳಕ್ಕೆ ಬಂದೆ. "ಸದರಿ ಸ್ವತ್ತನ್ನು ಪರಭಾರೆ ಮಾಡುವುದಲ್ಲದೆ, ಉಳಿದೆಲ್ಲ ಕೆಲಸಗಳನ್ನು..."

"ಅಲ್ಲದೆ ಅಂದ್ರೆ?" ಚಾಮುಂಡೇಶ್ವರಿ ತಡೆದಳು. "ಅದ ಬುಟ್ಟೋ, ಅದೂ ಸೇರ್ಸಿಯೋ?"

ಹಾಳೆಯನ್ನು ಮತ್ತೆ ನೋಡಿದೆ. ಅಪಾರ್ಟ್ ಫ್ರಮ್. ಬಿಟ್ಟು ಎಂದೂ ಓದಬಹುದು, ಸೇರಿಸಿಕೊಂಡು ಎಂದೂ ಓದಬಹುದು. ಕನ್ನಡದ 'ಅಲ್ಲದೆ'ಗೂ ಅದೇ ರೋಗ. ಮೂಲದ 'ಹೊರತು'ವಿಗೆ ಇಲ್ಲಿ ಒಂದೇ ಅರ್ಥ, ಬೇಲಿ ಹಾಕಿದ ಹಾಗೆ, ಇದರಿಂದ ಆಚೆ ಕಾಲಿಡಬೇಡ. ನಾನು ಆ ಬೇಲಿಗೆ ಒಂದು ಗೇಟು ಇಟ್ಟು, ಬೀಗ ಹಾಕದೆ ಬಂದಿದ್ದೆ. ಅನುಮಾನ ಬಂದರೆ ಕೋರ್ಟು ಅಧಿಕಾರವನ್ನು ಕಿರಿದಾಗಿಯೇ ಓದುತ್ತದೆ ಎಂದು ನಮ್ಮ ವಕೀಲರು ಹೇಳುತ್ತಿದ್ದದ್ದು ನಿಜ. ಆದರೆ ಕೋರ್ಟು ಓದುವ ಹೊತ್ತಿಗೆ ಮನೆ ಮೂರು ಕೈ ದಾಟಿರುತ್ತದೆ, ಆ ಹುಡುಗಿ ಬೀದಿಯಲ್ಲಿರುತ್ತಾಳೆ. ನನಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

"ತಪ್ಪು ನನ್ನದು ಅಕ್ಕ," ಅಂದೆ. "ಎರಡು ನಿಮಿಷ. ಈಗ ಬೇರೆ ಟೈಪು ಮಾಡಿ ಕೊಡ್ತೇನೆ."

"ಏನೂ ಬ್ಯಾಡ," ಮುನಿಸ್ವಾಮಿ ಹಾಳೆಯ ಮೇಲೆ ಅಂಗೈ ಊರಿದ. "ಇದೇ ಇರ್ಲಿ. ಮಧ್ಯಾಹ್ನ ಊರಿಗೆ ಫ್ಯಾಕ್ಸ್ ಮಾಡಿವ್ನಿ. ಅವ್ರೂ ಒಪ್ಪವ್ರೆ."

"ಯಾರು ಒಪ್ಪಿದ್ದು?"

ಅವನು ಬಾಗಿಲ ಕಡೆ ನೋಡಿದ.

"ಕಂದಾಯ ಕಟ್ಟುವ ಪತ್ರವನ್ನು ಯಾರು ಒಪ್ಪಬೇಕು ಮಾರಾಯ್ರೆ? ಪುರಸಭೆಯವರಾ? ಮನೆ ತಗೊಳ್ಳುವವನಿಗೆ ಕಳ್ಸಿದ್ರಾ ಎಂತ?"

ಚಾಮುಂಡೇಶ್ವರಿ ನಿಧಾನವಾಗಿ ತಲೆಯೆತ್ತಿ ಮೈದುನನ ಮುಖ ನೋಡಿದಳು. "ಮುನಿ, ಯಾರಿಗ್ಲಾ ಮಾತು ಕೊಟ್ಟಿದ್ದೀಯ?"

ಅವನು ಹೊಡೆದ. ಅಷ್ಟು ಬೇಗ ಹೊಡೆದ ಎಂದರೆ ಕೈ ಎದ್ದದ್ದು ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಅವಳು ಕುರ್ಚಿಯ ಸಮೇತ ಗೋಡೆಗೆ ಬಡಿದಳು. ತುಟಿ ಒಡೆದು ನೀಲಿ ಅಂಗಿಯ ಮೇಲೆ ರಕ್ತ ಇಳಿಯಿತು. ಅವಳು ಅಳಲೂ ಇಲ್ಲ, ಕೂಗಲೂ ಇಲ್ಲ, ಅಂಗೈಯಲ್ಲಿ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನೀವು ಟೈಪ್ ಮಾಡಿ ಕಣಮ್ಮ."

ಸಿಟ್ಟು ಬಂದರೆ ನನಗೆ ಭಯ ಗೊತ್ತಾಗುವುದಿಲ್ಲ, ನನ್ನ ಗಂಡ ನಾರ್ಬರ್ಟ್ ಅದಕ್ಕೇ ನನ್ನನ್ನು ಬೈಯುವುದು. ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಟೈಪ್‌ರೈಟರಿಗೆ ಏರಿಸಿದೆ. ಏಳನೇ ಕಲಮು ಇದ್ದ ಕೊನೆಯ ಪುಟ ಅಷ್ಟೇ. ಮಾರಬಾರದು ಎಂದು ಇನ್ನೊಂದು ಸಾಲು ಸೇರಿಸಲೇ ಎಂದು ಕೈ ತುರಿಸಿತು. ಸೇರಿಸಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವುದೂ ಕಳ್ಳತನವೇ, ಒಳ್ಳೆಯದಕ್ಕೇ ಇರಲಿ. 'ಹೊರತು'ವಿಗೆ ಸರಿಯಾದ ಪದ ಇಂಗ್ಲಿಷಿನಲ್ಲಿ ಇದೆ, ಅದನ್ನು ಹಾಕಿದರೆ ಸಾಕು. 'ಎಕ್ಸೆಪ್ಟ್'. ನಾನು ಕುಟ್ಟುವಷ್ಟು ಹೊತ್ತೂ ಅವನು ಹಿಂದೆ ನಿಂತು ಬೈಯುತ್ತಿದ್ದ, ಆ ಬೈಗುಳಗಳನ್ನು ಬರೆಯಲಾರೆ.

ಹಾಳೆ ಎಳೆದು ಅವಳ ಮುಂದೆ ಹಿಡಿದೆ. "ಇಲ್ಲಿ ನೋಡಿ ಅಕ್ಕ, ಏಳು ಅಂತ ಅಂಕಿ ಉಂಟಲ್ಲ, ಅದರ ಪಕ್ಕದ ಮೊದಲ ಅಕ್ಷರ. ಮೂರು ಹಲ್ಲಿನ ಬಾಚಣಿಗೆ ಹಾಗೆ. ಇದು ಇ."

"ಎಮರ್ಜೆನ್ಸಿ ಬೋರ್ಡಿಂದು," ಅಂದಳು. "ದಿನಾ ಒರೆಸ್ತೀನಲ್ಲ."

"ಅದೇ. ಹಳೆಯದರಲ್ಲಿ ಏಣಿ ಹಾಗಿನ ಅಕ್ಷರ ಉಂಟು, ಎ. ಏಣಿ ಇದ್ದರೆ ಸಹಿ ಹಾಕಬೇಡಿ. ಬಾಚಣಿಗೆ ಇದ್ದರೆ..."

ಮುನಿಸ್ವಾಮಿ ಹೊಸ ಹಾಳೆಯನ್ನು ಕಿತ್ತು ನಾಲ್ಕು ತುಂಡು ಮಾಡಿದ. ನಾನು ಹಳೆಯ ಪುಟವನ್ನು ಬಾಚಿ ಡ್ರಾಯರಿಗೆ ತಳ್ಳಿದೆ, ಅದಾದರೂ ಅವನ ಕೈಗೆ ಸಿಗದಿರಲಿ ಎಂದು. ನನ್ನ ಕೈ ಇನ್ನೂ ಒಳಗಿತ್ತು. ಅವನು ಬೂಟುಗಾಲಿನಲ್ಲಿ ಡ್ರಾಯರನ್ನು ಒದ್ದ.

ಕಬ್ಬಿಣದ ಮೇಜು ಅದು. ಎಲುಬು ಮುರಿದ ಸದ್ದು ನನಗೆ ಕೇಳಿತು, ಒಣಗಿದ ಚಕ್ಕೆ ಮುರಿದಂತೆ. ಕಣ್ಣು ಕತ್ತಲಿಟ್ಟಿತು. ಅವನು ಡ್ರಾಯರು ಎಳೆದು, ನನ್ನ ಕೈಯಡಿಯಿಂದ ಪುಟ ತೆಗೆದು, ಮೇಜಿನ ಮೇಲಿದ್ದ ಪಾಸ್‌ಪೋರ್ಟನ್ನು ಜೇಬಿಗೆ ತುರುಕಿದ. ಎಡಗೈಯಲ್ಲಿ ಸ್ಟೇಪ್ಲರ್ ಎತ್ತಿ ಅವನ ತಲೆಗೆ ಬೀಸಿದೆ. ಕಿವಿಗೆ ತಾಗಿ ರಕ್ತ ಬಂತು, ಅವನು ಲೆಕ್ಕಿಸಲಿಲ್ಲ. ನನ್ನನ್ನು ಅರಬ್ಬಿ ಟೈಪ್‌ರೈಟರಿನ ಮೇಲೆ ದೂಡಿ, ಅತ್ತಿಗೆಯ ಜಡೆ ಹಿಡಿದ.

"ನಾಳೆ ಒಂಬತ್ತಕ್ಕೆ ಎಂಬೆಸಿ. ಪಾಸ್‌ಪೋರ್ಟ್ ಬೇಕು ಅಂದ್ರೆ ಬಾ, ಸೈನ್ ಹಾಕು, ತಗೊಂಡೋಗು."

ಅವನು ಜಡೆ ಬಿಟ್ಟು ಹೋದ ಮೇಲೆ ಅವಳು ತನ್ನ ದುಪಟ್ಟಾ ಹರಿದು ನನ್ನ ಬೆರಳಿಗೆ ಸುತ್ತಿದಳು. ನಮಾಜು ಮುಗಿಸಿ ಬಂದ ಅಬೂಬಕ್ಕರ್ ಕಾಕ ಬಾಗಿಲಲ್ಲೇ ನಿಂತು, ಬಿದ್ದ ಕುರ್ಚಿ, ರಕ್ತ ಎಲ್ಲ ನೋಡಿ, ಫೋನಿಗೆ ಕೈ ಹಾಕಿದರು. "ಪೊಲೀಸಿಗೆ ಮಾಡ್ತೇನೆ."

"ಬ್ಯಾಡ ಸಾಬ್ರೆ," ಚಾಮುಂಡೇಶ್ವರಿ ಅವರ ಕೈ ಹಿಡಿದಳು. "ಕೇಸಾದ್ರೆ ಪಾಸ್‌ಪೋರ್ಟ್ ಅಲ್ಲೇ ಕೂತ್ಕತದೆ. ಕಂಪ್ನಿಯವ್ರು ನನ್ನ ಮನೆಗೆ ಕಳಿಸ್ತಾರೆ. ಆಮೇಲೆ ನನ್ ಮಗಳ ಓದು?"

ಅವಳು ಹೋದಳು. ಕಾಕ ನೆಲದ ತುಂಡುಗಳನ್ನು ಹೆಕ್ಕುತ್ತಿದ್ದರು. ಆಗ ನೋಡಿದೆ, ಹಾಳೆ ಎಳೆಯುವ ಗಡಿಬಿಡಿಯಲ್ಲಿ ಕೆಳಗಿನ ಕಾರ್ಬನ್ ಪ್ರತಿ ಟೈಪ್‌ರೈಟರಿನಲ್ಲೇ ಉಳಿದಿತ್ತು. ಏಳು, ಅದರ ಪಕ್ಕದಲ್ಲಿ ಬಾಚಣಿಗೆ.

ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಹೋದರೆ ನಾರ್ಬರ್ಟ್‌ನದು ಒಂದೇ ರಾಗ. "ನಿನಗೆ ಎಂತಕ್ಕೆ ಬೇಕಿತ್ತು ಬೆಟ್ಟಿ? ಅವರ ಮನೆ, ಅವರ ಜಗಳ." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅವರ ಮನೆ, ಅವರ ಜಗಳ, ಆದರೆ ಅಪಾರ್ಟ್ ಫ್ರಮ್ ನನ್ನದು. ಸರಿಯಾಗಿ ಟೈಪು ಮಾಡಿದ್ದರೆ ಮುನಿಸ್ವಾಮಿ ಫ್ಯಾಕ್ಸ್ ಕಳಿಸುತ್ತಿರಲಿಲ್ಲ, ಅವನ ಬಾಯಲ್ಲಿ ನೀರೂರುತ್ತಿರಲಿಲ್ಲ. ಅದನ್ನು ಹೇಳಿದೆ. ಬೆಳಿಗ್ಗೆ ನಾರ್ಬರ್ಟ್ ತಾನೇ ಟ್ಯಾಕ್ಸಿ ಕರೆದ.

ರಾಯಭಾರ ಕಚೇರಿಯೊಳಗೆ ಜನ ತುಂಬಿದ್ದರು. ನಾನು ಒಳಗೆ ಹೋಗುವಾಗ ಅವರು ಆಗಲೇ ಕೌಂಟರಿನಲ್ಲಿದ್ದರು. ಮುನಿಸ್ವಾಮಿಯ ಕಿವಿಗೆ ಪಟ್ಟಿ, ಸಾಕ್ಷಿಗೆಂದು ಕರೆತಂದ ವರ್ಕ್‌ಶಾಪಿನ ಇಬ್ಬರು ಹಿಂದೆ. ಚಾಮುಂಡೇಶ್ವರಿಯ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ನಿನ್ನೆ ಅಂಗಡಿಯಿಂದ ಹೋಗುವಾಗ ಆ ಕಣ್ಣು ನೆಟ್ಟಗಿತ್ತು. ದಾರಿಯಲ್ಲೆಲ್ಲೋ ಅವನು ಮತ್ತೆ ಹಿಡಿದಿದ್ದ.

ಗಾಜಿನಾಚೆಯ ಅಧಿಕಾರಿ ಪಾಸ್‌ಪೋರ್ಟು ನೋಡಿ, ಅವಳ ಮುಖ ನೋಡಿ, ಹಿಂದಿಯಲ್ಲಿ ಕೇಳಿದ. "ಇದರಲ್ಲಿ ಏನಿದೆ ಗೊತ್ತಾ? ನಿಮ್ಮ ಇಷ್ಟದಿಂದ ಸಹಿ ಮಾಡ್ತಿದ್ದೀರಾ?"

ಮುನಿಸ್ವಾಮಿಯೇ ಉತ್ತರ ಕೊಟ್ಟ. "ಹಾಂ ಸಾಬ್."

"ನಾನು ಇವರನ್ನ ಕೇಳಿದ್ದು."

ಅವಳು ಕೊನೆಯ ಪುಟ ತಿರುಗಿಸಿದಳು. ತೆರೆದಿದ್ದ ಒಂದೇ ಕಣ್ಣನ್ನು ಹಾಳೆಯ ಹತ್ತಿರಕ್ಕೆ ಒಯ್ದು, ಫಿನಾಯಿಲಿಗೆ ಸುಲಿದ ಬೆರಳನ್ನು ಅಂಕಿಗಳ ಮೇಲೆ ಜಾರಿಸುತ್ತ ಬಂದಳು. ಐದು. ಆರು. ಏಳು. ಬೆರಳು ಅಲ್ಲಿ ನಿಂತಿತು.

"ಏಣಿ," ಅಂದಳು ಕನ್ನಡದಲ್ಲಿ.

"ಹಾಕೇ," ಮುನಿಸ್ವಾಮಿ ಹಲ್ಲು ಕಚ್ಚಿ ಪಿಸುಗುಟ್ಟಿದ. ಕೌಂಟರಿನ ಕೆಳಗೆ ಅವಳ ಎಡ ಮಣಿಕಟ್ಟನ್ನು ಹಿಡಿದು ತಿರುಚುತ್ತಿದ್ದ. ಅಧಿಕಾರಿಗೆ ಕಾಣುತ್ತಿರಲಿಲ್ಲ, ಹಿಂದೆ ನಿಂತ ನನಗೆ ಕಾಣುತ್ತಿತ್ತು. ನಾನು ಜನರನ್ನು ತಳ್ಳಿಕೊಂಡು ಮುಂದೆ ಬಂದೆ.

ಅವಳು ಬಲಗೈಯಲ್ಲಿ ಪೆನ್ನು ತೆಗೆದುಕೊಂಡಳು. ಸಹಿ ಹಾಕಿಯೇಬಿಡುತ್ತಾಳೆ ಅಂದುಕೊಂಡೆ. ಅವಳು ಗಾಜಿನ ಕಡೆಯೇ ನೋಡುತ್ತ ಆಸ್ಪತ್ರೆಯ ಹಿಂದಿಯಲ್ಲಿ, "ನೈ ಸಾಬ್. ಮೇರಾ ಮರ್ಜಿ ನೈ," ಅಂದಳು. ಆಮೇಲೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ತನ್ನ ಮಣಿಕಟ್ಟು ಹಿಡಿದಿದ್ದ ಅವನ ಕೈಯ ಮೇಲೆ ಇಳಿಸಿದಳು. ಒಮ್ಮೆಯಲ್ಲ, ಮೂರು ಸಲ. ಮೂರನೆಯದಕ್ಕೆ ಪೆನ್ನು ಅಲ್ಲೇ ನಿಂತಿತು.

ಅವನು ಊಳಿಟ್ಟ. ಇನ್ನೊಂದು ಕೈಯಲ್ಲಿ ಅವಳ ಕುತ್ತಿಗೆ ಹಿಡಿದು ಕೌಂಟರಿನ ಅಂಚಿಗೆ ಹಣೆ ಚಚ್ಚಿದ. ನಾನು ಪ್ಲಾಸ್ಟರಿನ ಕೈಯನ್ನೇ ಎತ್ತಿ ಅವನ ಪಟ್ಟಿ ಕಟ್ಟಿದ ಕಿವಿಗೆ ಬಿಟ್ಟೆ. ಏಟು ನನಗೇ ಜಾಸ್ತಿ ಬಿತ್ತು, ಆದರೂ ಖುಷಿಯಾಯಿತು, ಸುಳ್ಳು ಹೇಳಲಾರೆ. ಕಾವಲಿನವರು ಅಷ್ಟರಲ್ಲಿ ಓಡಿಬಂದು ಅವನನ್ನು ನೆಲಕ್ಕೆ ಕೆಡವಿದರು. ಒಬ್ಬ ಬೆನ್ನ ಮೇಲೆ ಮೊಣಕಾಲೂರಿ ಕೂತ. ಸಾಕ್ಷಿಗಳಿಬ್ಬರೂ ಯಾವಾಗ ಕರಗಿದರೋ ಗೊತ್ತಿಲ್ಲ.

ಅಧಿಕಾರಿ ಗಾಜಿನ ಹಿಂದಿನಿಂದ ಹೊರಗೆ ಬಂದ. ಸಹಿಯಾಗದ ಹಾಳೆಗಳನ್ನು ಅಡ್ಡಡ್ಡ ಗೀಚಿ, ಅವಳ ಪಾಸ್‌ಪೋರ್ಟನ್ನು ಅವಳ ಕೈಗೇ ಕೊಟ್ಟ. ಕುರ್ಚಿಯಲ್ಲಿ ಕೂರಿಸಿ ನೀರು ತರಿಸಿದ. ನಾನು ಕಾರ್ಬನ್ ಪ್ರತಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪಿನ ಸಮೇತ. ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ. "ಇದು ಪ್ರತಿ, ಇದರ ಮೇಲೆ ಸಹಿ ಆಗೋದಿಲ್ಲ," ಅಂದ. "ಸರಿಯಾದದ್ದನ್ನು ಟೈಪು ಮಾಡಿಸಿ, ಬೇರೆ ಇಬ್ಬರು ಸಾಕ್ಷಿಗಳನ್ನು ಕರ್ಕೊಂಡು ಬನ್ನಿ. ಇವತ್ತೇ ಮಾಡಿಕೊಡ್ತೀನಿ. ಆದರೆ ಇವರು ಇನ್ನೂ ಇವನ ಹೆಸರಿಗೇ ಕೊಡ್ತಾರಾ, ಅದನ್ನ ಮೊದಲು ಕೇಳಿ."

ಕೇಳುವ ಅಗತ್ಯವಿರಲಿಲ್ಲ. ಆದರೂ ಅವಳ ಮುಂದೆ ಮಂಡಿಯೂರಿ ಕೂತೆ. ಹಣೆಯಿಂದ ಇಳಿದ ರಕ್ತ ರೆಪ್ಪೆಯ ಮೇಲೆ ಅಂಟಿಕೊಂಡಿತ್ತು. ಕಾಲ ಬಳಿ ಮುನಿಸ್ವಾಮಿ ಮುಖ ನೆಲಕ್ಕೊತ್ತಿ ಬಿದ್ದುಕೊಂಡೇ ಬೈಯುತ್ತಿದ್ದ.

"ಅಕ್ಕ, ಹೊಸದು ಟೈಪು ಮಾಡ್ತೇನೆ," ಅಂದೆ. "ಅಧಿಕಾರ ಯಾರಿಗೆ ಅಂತ ಹಾಕ್ಲಿ?"

"ನನ್ ಮಗಳಿಗೆ. ಹದಿನೆಂಟು ತುಂಬ್ತು ಅವ್ಳಿಗೆ. ಹಿತಾ ಅಂತ ಬರೀರಿ." ಅವಳು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲದಲ್ಲಿದ್ದವನನ್ನು ನೋಡಿದಳು. "ಮಗೀನೂ ಒಬ್ಳೇ ಅವ್ಳೆ, ಒಂದು ಕೆಲ್ಸಕ್ಕೆ ಯಾರ್ನಾರ ಜೊತೇಲಿ ಕರ್ಕೋಬೇಕಾಗ್ತದೆ. ಯಾರ್ನ ಬೇಕಾದ್ರೂ ಕರ್ಕೊಳ್ಲಿ. ಈ ನನ್ನ ಮೈದುನನ ಹೊರತು."

ಎಕ್ಸೆಪ್ಟ್ ಅಕ್ಕ, ಅಂದೆ. ಎಂಟು ಬೆರಳಿನಲ್ಲಿ ಟೈಪು ಮಾಡಿದೆ, ಎರಡು ಸಲ ಓದಿ ಹೇಳಿದೆ.